ನೋಂದಣಿ ಇಲ್ಲದ ಟ್ರಾನ್ಸ್‌ಪೋರ್ಟರ್‌ಗೆ ಲಾರಿ ಬಾಡಿಗೆ ಕೊಟ್ಟಾಗ ಆರ್‌ಸಿಎಂ ತೆರಿಗೆ ಕಟ್ಟುವುದು ಹೇಗೆ?

ಲಾರಿಯಿಂದ ಮಾಲು ಇಳಿದ ಮೇಲೆ ಡ್ರೈವರ್ ಒಂದು ತೆಳ್ಳನೆ ಕಾಗದ ಕೊಡುತ್ತಾನೆ. ಅದು ಎಲ್‌ಆರ್. ಮೇಲೆ ಟ್ರಾನ್ಸ್‌ಪೋರ್ಟ್ ಆಫೀಸಿನ ಹೆಸರು, ಪಕ್ಕದಲ್ಲಿ ನಂಬರು. ಕೆಳಗೆ ಮಾಲು ಕಳಿಸಿದವರು, ಪಡೆಯುವವರು, ಲಾರಿ ನಂಬರು, ಎಷ್ಟು ಬಂಡಲ್, ಎಷ್ಟು ಬಾಡಿಗೆ ಎಲ್ಲ ಬರೆದಿರುತ್ತದೆ. ಮೂಲೆಯಲ್ಲಿ 'ಟು ಪೇ' ಎಂಬ ಸೀಲು. ಜಿಎಸ್‌ಟಿ ನಂಬರಿನ ಜಾಗ ಮಾತ್ರ ಖಾಲಿ.

ಅಂಗಡಿಯವರು ಬಾಡಿಗೆ ಕೊಟ್ಟು ಕಳಿಸುತ್ತಾರೆ, ಎಲ್‌ಆರ್ ಫೈಲಿಗೆ ಹೋಗುತ್ತದೆ, ಪುಸ್ತಕದಲ್ಲಿ 'ಲಾರಿ ಬಾಡಿಗೆ' ಅಂತ ಒಂದು ಎಂಟ್ರಿ ಬೀಳುತ್ತದೆ. ಅಷ್ಟಕ್ಕೆ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಮುಗಿದಿರುವುದಿಲ್ಲ. ಆ ಬಾಡಿಗೆಯ ಮೇಲೆ 5% ಜಿಎಸ್‌ಟಿಯನ್ನು ಬಾಡಿಗೆ ಕೊಟ್ಟವರೇ ಕಟ್ಟಬೇಕು. ಇದೇ ರಿವರ್ಸ್ ಚಾರ್ಜ್, ನಮ್ಮ ಬಾಯಲ್ಲಿ ಆರ್‌ಸಿಎಂ.

"ಅವರ ಕಡೆ ಜಿಎಸ್‌ಟಿ ನಂಬರೇ ಇಲ್ಲ ಅಂದ್ಮೇಲೆ ಟ್ಯಾಕ್ಸ್ ಎಲ್ಲಿಂದ ಬಂತ್ರೀ?" ಅಂತ ಮಾಲೀಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಉತ್ತರ ಹೀಗಿದೆ: ತಮ್ಮ ಎಲ್ಲ ಸೇವೆಗೂ ತೆರಿಗೆಯನ್ನು ಗಿರಾಕಿಯೇ ಕಟ್ಟುವಂತಿದ್ದರೆ ಆ ಟ್ರಾನ್ಸ್‌ಪೋರ್ಟರ್ ನೋಂದಣಿ ಮಾಡಿಸಲೇಬೇಕು ಅಂತಿಲ್ಲ. 2017ರ ಜೂನ್‌ನಲ್ಲಿ ಬಂದ ಅಧಿಸೂಚನೆಯಲ್ಲೇ ಈ ವಿನಾಯಿತಿ ಇದೆ. ಅಂದರೆ ಅವರಿಗೆ ನಂಬರ್ ಇಲ್ಲದಿರುವುದಕ್ಕೆ ಕಾರಣವೇ ನೀವು ತೆರಿಗೆ ಕಟ್ಟುತ್ತೀರಿ ಎನ್ನುವುದು. ನಂಬರ್ ಇಲ್ಲ ಅಂದ ಮಾತ್ರಕ್ಕೆ ತೆರಿಗೆ ಇಲ್ಲ ಅಂತ ಆಗುವುದಿಲ್ಲ.

ಮೊದಲು: ಈ ಬಾಡಿಗೆಗೆ ಆರ್‌ಸಿಎಂ ಇದೆಯಾ?

ಎಲ್ಲ ಲಾರಿ ಬಾಡಿಗೆಗೂ ಇಲ್ಲ. ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 9(3)ರ ಕೆಳಗೆ ಬರುವುದು 'ಗೂಡ್ಸ್ ಟ್ರಾನ್ಸ್‌ಪೋರ್ಟ್ ಏಜೆನ್ಸಿ' ಕೊಡುವ ಸೇವೆ ಮಾತ್ರ. ಕಾನೂನಿನ ಪ್ರಕಾರ ಏಜೆನ್ಸಿ ಅಂದರೆ ರಸ್ತೆಯಲ್ಲಿ ಮಾಲು ಸಾಗಿಸುವ ಸೇವೆ ಕೊಟ್ಟು, ಅದಕ್ಕೆ ಕನ್‌ಸೈನ್‌ಮೆಂಟ್ ನೋಟ್ ಕೊಡುವವರು. ಎಲ್‌ಆರ್, ಬಿಲ್ಟಿ, ಜಿಆರ್ ಯಾವ ಹೆಸರಾದರೂ ಸರಿ, ಕಾಗದದಲ್ಲಿ ಇರಬೇಕಾದ ವಿವರ ಇದ್ದರೆ ಅದು ಕನ್‌ಸೈನ್‌ಮೆಂಟ್ ನೋಟೇ.

ಇದರ ಇನ್ನೊಂದು ಮುಖವೂ ಇದೆ. ಒಂದೇ ಲಾರಿ ಇಟ್ಟುಕೊಂಡಿರುವ ಒಬ್ಬ ಮಾಲೀಕರು ಮಾಲು ತಂದು ಹಾಕಿ, ಎಲ್‌ಆರ್ ಏನೂ ಕೊಡದೆ ಬಾಡಿಗೆ ತಗೊಂಡು ಹೋದರೆ ಅವರು ಏಜೆನ್ಸಿ ಅಲ್ಲ. ಆ ಬಾಡಿಗೆಗೆ ಜಿಎಸ್‌ಟಿ ವಿನಾಯಿತಿ ಇದೆ, ಆರ್‌ಸಿಎಂ ಇಲ್ಲ. ಊರೊಳಗೆ ಗೋಡೌನಿನಿಂದ ಅಂಗಡಿಗೆ ಓಡಾಡುವ ಟೆಂಪೋ ಬಾಡಿಗೆ ಹೆಚ್ಚಾಗಿ ಈ ಗುಂಪಿಗೇ ಸೇರುತ್ತದೆ. ಆದರೆ ತೆರಿಗೆ ತಪ್ಪಿಸಲು ಟ್ರಾನ್ಸ್‌ಪೋರ್ಟ್ ಆಫೀಸಿನವರಿಗೆ "ಎಲ್‌ಆರ್ ಬೇಡ ಬಿಡಿ" ಅಂತ ಹೇಳಬೇಡಿ. ದಾರಿಯಲ್ಲಿ ಮಾಲು ಕಳೆದರೆ ಅಥವಾ ಕೆಟ್ಟರೆ ಅವರ ಮೇಲೆ ಹೊಣೆ ಹೊರಿಸಲು ನಿಮ್ಮ ಕೈಯಲ್ಲಿರುವುದು ಆ ಕಾಗದ ಮಾತ್ರ.

ಎರಡನೆಯದಾಗಿ ಮಾಲು ಯಾವುದು ಅಂತ ನೋಡಿ. ಹಾಲು, ಉಪ್ಪು, ಅಕ್ಕಿ, ಬೇಳೆ, ಹಿಟ್ಟು ಸೇರಿದಂತೆ ಆಹಾರ ಧಾನ್ಯ, ಸಾವಯವ ಗೊಬ್ಬರ, ಕೃಷಿ ಉತ್ಪನ್ನ ಇವುಗಳ ಸಾಗಣೆಗೆ ವಿನಾಯಿತಿ ಇದೆ. ಹಿಂದೆ ಒಂದು ಲೋಡಿಗೆ ₹1,500ರ ಒಳಗಿನ ಬಾಡಿಗೆಗೂ, ಒಬ್ಬರ ಮಾಲಿಗೆ ₹750ರ ಒಳಗಿನ ಬಾಡಿಗೆಗೂ ತೆರಿಗೆ ಇರಲಿಲ್ಲ. ಆ ಸಣ್ಣ ಮೊತ್ತದ ವಿನಾಯಿತಿಯನ್ನು 2022ರ ಜುಲೈ 18ರಿಂದ ತೆಗೆದುಹಾಕಿದ್ದಾರೆ. ಈಗಲೂ ಎಷ್ಟೋ ಜನ "750ರ ಒಳಗೆ ಏನೂ ಇಲ್ಲ" ಅಂತ ಸಣ್ಣ ಎಲ್‌ಆರ್‌ಗಳನ್ನು ಪಕ್ಕಕ್ಕಿಡುತ್ತಾರೆ. ₹300ರ ಎಲ್‌ಆರ್‌ಗೂ ಈಗ ಆರ್‌ಸಿಎಂ ಇದೆ.

ಮೂರನೆಯದು ನೀವು ಯಾರು ಎನ್ನುವುದು. ಜಿಎಸ್‌ಟಿ ನೋಂದಣಿ ಇದ್ದವರು, ಕಾರ್ಖಾನೆ, ಕಂಪನಿ, ಸೊಸೈಟಿ, ಪಾಲುದಾರಿಕೆ ಫರ್ಮ್ ಇವರೆಲ್ಲ ಕಟ್ಟಬೇಕು. ಕಾಂಪೊಸಿಷನ್ ಸ್ಕೀಮಿನಲ್ಲಿ ಇರುವವರೂ ಇದೇ 5% ಕಟ್ಟಬೇಕು, ಅವರಿಗೆ ಅದು ವಾಪಸ್ ಸಿಗುವುದಿಲ್ಲ. ಪಾಲುದಾರಿಕೆ ಫರ್ಮ್‌ಗೆ ಜಿಎಸ್‌ಟಿ ನಂಬರ್ ಇಲ್ಲದಿದ್ದರೂ ಈ ಹೊಣೆ ಬರುತ್ತದೆ, ಅದಕ್ಕಾಗಿಯೇ ನೋಂದಣಿ ಮಾಡಿಸಬೇಕಾಗುತ್ತದೆ.

ಬಾಡಿಗೆ ಯಾರದ್ದು?

ಬಾಡಿಗೆ ಕೊಡುವ ಹೊಣೆ ಯಾರದ್ದೋ ಅವರೇ ಸೇವೆ ಪಡೆದವರು, ಅವರೇ ತೆರಿಗೆ ಕಟ್ಟಬೇಕು. ಎಲ್‌ಆರ್ ಮೇಲೆ 'ಟು ಪೇ' ಇದ್ದರೆ ಸಾಮಾನ್ಯವಾಗಿ ಮಾಲು ಪಡೆದವರು. 'ಪೇಯ್ಡ್' ಇದ್ದರೆ ಕಳಿಸಿದವರು. ಕಳಿಸಿದವರು ಬಾಡಿಗೆ ಕೊಟ್ಟು, ಅದನ್ನು ತಮ್ಮ ಮಾರಾಟದ ಬಿಲ್ಲಿನಲ್ಲಿ ನಿಮ್ಮಿಂದ ವಸೂಲಿ ಮಾಡಿದರೂ ಆರ್‌ಸಿಎಂ ಅವರದ್ದೇ. ನೀವು ಮತ್ತೆ ಕಟ್ಟಬೇಕಿಲ್ಲ.

ಒಂದು ಕಡೆ ಎಡವುವ ಸಾಧ್ಯತೆ ಜಾಸ್ತಿ. ಮಾಲಿನ ಬೆಲೆ ನಿಮ್ಮ ಬಾಗಿಲಿಗೆ ತಲುಪಿಸುವ ಲೆಕ್ಕದಲ್ಲಿ ಮಾತಾಗಿರುತ್ತದೆ. ಲಾರಿ ಬಂದಾಗ ಮಾರಿದವರು ಫೋನ್ ಮಾಡಿ, "ಡ್ರೈವರ್‌ಗೆ ನೀವೇ ಕೊಟ್ಟುಬಿಡಿ, ನಮ್ಮ ಬಿಲ್ಲಲ್ಲಿ ಕಡಿದುಕೊಳ್ಳಿ" ಅನ್ನುತ್ತಾರೆ. ಇಲ್ಲಿ ಹಣ ನಿಮ್ಮ ಕೈಯಿಂದ ಹೋಗಿದ್ದರೂ ಬಾಡಿಗೆಯ ಹೊಣೆ ಮಾರಿದವರದ್ದು. ಇಂಥ ವ್ಯವಹಾರವನ್ನು 'ಲಾರಿ ಬಾಡಿಗೆ' ಖಾತೆಗೆ ಹಾಕದೆ ಮಾರಿದವರ ಖಾತೆಗೇ ಡೆಬಿಟ್ ಮಾಡಿ. ಅವರ ಫೋನ್ ಮಾತನ್ನು ಒಂದು ಮೆಸೇಜ್ ಆಗಿ ಬರೆಸಿಕೊಂಡರೆ ಮುಂದೆ ಉಪಯೋಗಕ್ಕೆ ಬರುತ್ತದೆ, ಯಾಕಂದ್ರೆ ಎಲ್‌ಆರ್ ಮೇಲೆ 'ಟು ಪೇ' ಅಂತಲೇ ಇರುತ್ತದೆ.

ಟ್ರಾನ್ಸ್‌ಪೋರ್ಟರ್ ನಿಜವಾಗಿಯೂ ನೋಂದಣಿ ಇಲ್ಲದವರೇ?

ಎಲ್‌ಆರ್ ಮೇಲೆ ನಂಬರ್ ಇಲ್ಲ ಅಂದ ಕೂಡಲೇ ನಂಬಬೇಡಿ. ಹಳೇ ಪುಸ್ತಕದಲ್ಲಿ ಬರೆದುಕೊಟ್ಟಿರಬಹುದು. ಅವರ ಪ್ಯಾನ್ ಕೇಳಿ ತಗೊಂಡು ಜಿಎಸ್‌ಟಿ ಪೋರ್ಟಲ್‌ನಲ್ಲಿ Search Taxpayer ಒಳಗೆ Search by PAN ಮಾಡಿ. ನೋಂದಣಿ ಇದ್ದು, ತಾವೇ ತೆರಿಗೆ ಕಟ್ಟುವ ಆಯ್ಕೆ ಮಾಡಿಕೊಂಡವರಾದರೆ ಅವರ ಬಿಲ್ಲಿನಲ್ಲೇ ತೆರಿಗೆ ಹಾಕಿರುತ್ತಾರೆ, ಆಗ ನಿಮಗೆ ಆರ್‌ಸಿಎಂ ಇಲ್ಲ. ನೋಂದಣಿ ಇದ್ದೂ ಆ ಆಯ್ಕೆ ಮಾಡಿಲ್ಲದಿದ್ದರೆ ಆರ್‌ಸಿಎಂ ನಿಮ್ಮದೇ, ಆದರೆ ಇನ್‌ವಾಯ್ಸ್ ಅವರು ಕೊಡುತ್ತಾರೆ. ನೋಂದಣಿಯೇ ಇಲ್ಲದಿದ್ದರೆ ಆರ್‌ಸಿಎಂ ಜೊತೆಗೆ ಇನ್‌ವಾಯ್ಸ್ ಕೆಲಸವೂ ನಿಮ್ಮದೇ. ಇಲ್ಲಿಂದ ಮುಂದೆ ಹೇಳುವುದೆಲ್ಲ ಈ ಕೊನೆಯವರ ಬಗ್ಗೆ.

ತೆರಿಗೆ ಯಾವ ತಿಂಗಳದ್ದು?

ನನ್ನ ಅನುಭವದಲ್ಲಿ ಅತಿ ಹೆಚ್ಚು ತಪ್ಪಾಗುವ ಜಾಗ ಇದು. 5% ಲೆಕ್ಕ ಹಾಕುವುದು ಯಾರಿಗೂ ಕಷ್ಟ ಅಲ್ಲ. ಯಾವ ತಿಂಗಳಿಗೆ ಹಾಕಬೇಕು ಅನ್ನುವಲ್ಲಿ ಎಡವುತ್ತಾರೆ, ಅಲ್ಲೇ ಬಡ್ಡಿ ಹುಟ್ಟುತ್ತದೆ.

"ಅರವತ್ತು ದಿನ ಟೈಮ್ ಇದೆ" ಅನ್ನುವ ಮಾತು ಇನ್ನೂ ಓಡಾಡುತ್ತಿದೆ. ಈಗ ಆ ಅರವತ್ತು ದಿನದ ಲೆಕ್ಕ, ಇನ್‌ವಾಯ್ಸ್ ಕೊಡಬೇಕಾದವರು ಸೇವೆ ಕೊಟ್ಟವರೇ ಆಗಿರುವಾಗ ಮಾತ್ರ. ನೋಂದಣಿ ಇಲ್ಲದವರಿಂದ ಸೇವೆ ಪಡೆದರೆ ಇನ್‌ವಾಯ್ಸ್ ಮಾಡುವವರು ನೀವು. ಅದಕ್ಕೆ 2024ರ ನವೆಂಬರ್ 1ರಿಂದ ಬೇರೆ ಲೆಕ್ಕ ಬಂದಿದೆ. ಹಣ ಕೊಟ್ಟ ದಿನ, ನೀವು ಇನ್‌ವಾಯ್ಸ್ ಮಾಡಿದ ದಿನ, ಇವೆರಡರಲ್ಲಿ ಯಾವುದು ಮೊದಲೋ ಆ ದಿನಕ್ಕೆ ತೆರಿಗೆ ಹುಟ್ಟುತ್ತದೆ. ಹಣ ಕೊಟ್ಟ ದಿನ ಅಂದರೆ ಪುಸ್ತಕದಲ್ಲಿ ಬರೆದ ದಿನ ಅಥವಾ ಬ್ಯಾಂಕಿನಿಂದ ಹೋದ ದಿನ, ಅದರಲ್ಲೂ ಮೊದಲು ಬಂದದ್ದು.

ಅದೇ ದಿನದಿಂದ ಜಾರಿಗೆ ಬಂದ ರೂಲ್ 47A ಪ್ರಕಾರ, ಸೇವೆ ಪಡೆದ 30 ದಿನದೊಳಗೆ ನಿಮ್ಮ ಇನ್‌ವಾಯ್ಸ್ ಆಗಿರಬೇಕು. ಎರಡನ್ನೂ ಸೇರಿಸಿ ನೋಡಿ. ಟ್ರಾನ್ಸ್‌ಪೋರ್ಟ್ ಆಫೀಸಿನ ಜೊತೆ ಖಾತೆ ಇಟ್ಟುಕೊಂಡು ಮೂರು ತಿಂಗಳಿಗೊಮ್ಮೆ ಹಣ ಕೊಡುವ ಅಂಗಡಿಗಳಿವೆ. ಹಣ ಕೊಟ್ಟಿಲ್ಲ ಅಂತ ಇವರು ತೆರಿಗೆಯನ್ನೂ ಮುಂದೂಡುತ್ತಿದ್ದರು. ಈಗ ಆಗುವುದಿಲ್ಲ. 30 ದಿನದೊಳಗೆ ಇನ್‌ವಾಯ್ಸ್ ಮಾಡಲೇಬೇಕು, ಮಾಡಿದ ದಿನವೇ ತೆರಿಗೆ ಹುಟ್ಟುತ್ತದೆ.

ಅಡ್ವಾನ್ಸ್ ಕೊಟ್ಟರೂ ಅದು ಹಣ ಕೊಟ್ಟದ್ದೇ. ಅಷ್ಟು ಭಾಗಕ್ಕೆ ಆ ದಿನವೇ ತೆರಿಗೆ.

ಒಂದು ಲೋಡ್, ಮೊದಲಿಂದ ಕೊನೆವರೆಗೆ

ಹುಬ್ಬಳ್ಳಿಯಲ್ಲಿ ಗ್ರಿಲ್, ಗೇಟ್ ಮಾಡುವ ಒಂದು ವರ್ಕ್‌ಶಾಪ್ ಅಂದುಕೊಳ್ಳಿ. ಜಿಎಸ್‌ಟಿ ನೋಂದಣಿ ಇದೆ, ತಿಂಗಳಿಗೊಮ್ಮೆ ರಿಟರ್ನ್ ಹಾಕುತ್ತಾರೆ. ಬೆಂಗಳೂರಿನಿಂದ ಕಬ್ಬಿಣದ ಪೈಪ್ ತರಿಸುತ್ತಾರೆ. ಬೆಂಗಳೂರಿನ ಟ್ರಾನ್ಸ್‌ಪೋರ್ಟ್ ಆಫೀಸಿಗೆ ನೋಂದಣಿ ಇಲ್ಲ. ಎಲ್‌ಆರ್ ಮೇಲೆ ಬಾಡಿಗೆ ₹23,000, ಲೋಡ್ ಮಾಡಿದ ಹಮಾಲಿ ₹1,000, ಟು ಪೇ.

2026ರ ಜನವರಿ 30ಕ್ಕೆ ಲಾರಿ ಹೊರಡುವ ಮುಂಚೆ ₹8,000 ಅಡ್ವಾನ್ಸ್ ಯುಪಿಐನಲ್ಲಿ ಹಾಕಿದರು. ಫೆಬ್ರವರಿ 2ಕ್ಕೆ ಲಾರಿ ಬಂತು. ಫೆಬ್ರವರಿ 3ಕ್ಕೆ ಬಾಕಿ ₹16,000 ಕೊಟ್ಟರು.

ಮೊದಲು ಮೊತ್ತ. ಹಮಾಲಿಯನ್ನು ಟ್ರಾನ್ಸ್‌ಪೋರ್ಟರ್ ತನ್ನ ಎಲ್‌ಆರ್‌ನಲ್ಲೇ ಸೇರಿಸಿ ತಗೊಂಡಿರುವುದರಿಂದ ಅದು ಸಾಗಣೆಯ ಭಾಗವೇ. ತೆರಿಗೆ ₹24,000ದ ಮೇಲೆ, 5% ಅಂದರೆ ₹1,200. ₹24,000ದ ಒಳಗೇ ತೆರಿಗೆ ಇದೆ ಅಂತ ಹಿಂದಕ್ಕೆ ಲೆಕ್ಕ ಹಾಕಬೇಡಿ. ಟ್ರಾನ್ಸ್‌ಪೋರ್ಟರ್ ತಗೊಂಡಿರುವುದು ಬರೀ ಬಾಡಿಗೆ, ತೆರಿಗೆ ಅದರ ಮೇಲೆ ಬೇರೆ. ಇಳಿಸುವಾಗ ನಿಮ್ಮದೇ ಹಮಾಲರಿಗೆ ನೀವು ಕೊಟ್ಟ ಕೂಲಿ ಇದರಲ್ಲಿ ಸೇರುವುದಿಲ್ಲ.

ಆಮೇಲೆ ತೆರಿಗೆಯ ವಿಧ. ಟ್ರಾನ್ಸ್‌ಪೋರ್ಟರ್ ಕರ್ನಾಟಕದವರು, ಬಾಡಿಗೆ ಕೊಟ್ಟವರೂ ಕರ್ನಾಟಕದಲ್ಲೇ ನೋಂದಣಿ ಆದವರು. ಹಾಗಾಗಿ ಸಿಜಿಎಸ್‌ಟಿ 2.5%, ಎಸ್‌ಜಿಎಸ್‌ಟಿ 2.5%. ಇಲ್ಲಿ ಲಾರಿ ಎಲ್ಲಿಂದ ಎಲ್ಲಿಗೆ ಹೋಯಿತು ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಇದೇ ಟ್ರಾನ್ಸ್‌ಪೋರ್ಟರ್ ಇವರ ಗೇಟುಗಳನ್ನು ಸೊಲ್ಲಾಪುರಕ್ಕೆ ಒಯ್ದು, ಬಾಡಿಗೆ ಇವರೇ ಕೊಟ್ಟರೂ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿಯೇ. ಟ್ರಾನ್ಸ್‌ಪೋರ್ಟರ್ ಸೊಲ್ಲಾಪುರದವರಾಗಿದ್ದರೆ ಐಜಿಎಸ್‌ಟಿ 5%. ಮಾಲಿನ ಬಿಲ್ಲಿನಲ್ಲಿ ಐಜಿಎಸ್‌ಟಿ ಇದೆ ಅಂತ ಬಾಡಿಗೆಗೂ ಐಜಿಎಸ್‌ಟಿ ಹಾಕುವುದು ಸಾಮಾನ್ಯ ತಪ್ಪು.

ಈಗ ಕಾಗದ. ಜನವರಿ 30ಕ್ಕೆ ₹8,000ಕ್ಕೆ ಒಂದು ಪೇಮೆಂಟ್ ವೋಚರ್. ಫೆಬ್ರವರಿ 3ಕ್ಕೆ ₹16,000ಕ್ಕೆ ಇನ್ನೊಂದು. ಅದೇ ದಿನ ಪೂರ್ತಿ ₹24,000ಕ್ಕೆ ಸೆಲ್ಫ್ ಇನ್‌ವಾಯ್ಸ್. ಲಾರಿ ಬಂದದ್ದು ಫೆಬ್ರವರಿ 2 ಆದ್ದರಿಂದ ಮಾರ್ಚ್ 4ರವರೆಗೆ ಸಮಯ ಇದೆ, ಆದರೆ ಬಾಕಿ ಕೊಟ್ಟ ದಿನವೇ ಮಾಡಿ ಮುಗಿಸಿದರೆ ಮರೆಯುವ ಮಾತೇ ಇಲ್ಲ.

ಸೆಲ್ಫ್ ಇನ್‌ವಾಯ್ಸ್ ಅಂದರೆ ಹೊಸದೇನಲ್ಲ, ನಿಮ್ಮ ಮಾರಾಟದ ಬಿಲ್ಲಿನಂಥದ್ದೇ. ಸೇವೆ ಕೊಟ್ಟವರು ಅನ್ನುವ ಕಡೆ ಟ್ರಾನ್ಸ್‌ಪೋರ್ಟರ್ ಹೆಸರು, ವಿಳಾಸ. ಪಡೆದವರು ಅನ್ನುವ ಕಡೆ ನಿಮ್ಮ ಹೆಸರು, ಜಿಎಸ್‌ಟಿ ನಂಬರ್. ಇದಕ್ಕೆ ಬೇರೆಯೇ ಸೀರೀಸ್ ಇಡಿ, ಉದಾಹರಣೆಗೆ RCM/25-26/041. ನಂಬರ್ 16 ಅಕ್ಷರ ದಾಟಬಾರದು. ವಿವರದಲ್ಲಿ 'ರಸ್ತೆ ಮೂಲಕ ಮಾಲು ಸಾಗಣೆ, ಬೆಂಗಳೂರಿಂದ ಹುಬ್ಬಳ್ಳಿ' ಅಂತ ಬರೆದು ಎಲ್‌ಆರ್ ನಂಬರು, ತಾರೀಖು, ಲಾರಿ ನಂಬರು ಸೇರಿಸಿ. ಸೇವೆಯ ಕೋಡ್ 9965. ಮೊತ್ತ ₹24,000, ಸಿಜಿಎಸ್‌ಟಿ ₹600, ಎಸ್‌ಜಿಎಸ್‌ಟಿ ₹600. ತೆರಿಗೆ ರಿವರ್ಸ್ ಚಾರ್ಜ್‌ನಲ್ಲಿ ಕಟ್ಟಬೇಕಾದದ್ದು ಅಂತ ಒಂದು ಸಾಲು. ಕೆಳಗೆ ನಿಮ್ಮ ಸಹಿ. ಅದರ ಹಿಂದೆ ಎಲ್‌ಆರ್ ಪಿನ್ ಮಾಡಿ.

ತಿಂಗಳ ಎಲ್ಲ ಎಲ್‌ಆರ್‌ಗಳಿಗೆ ಸೇರಿಸಿ ಕೊನೇ ದಿನ ಒಂದೇ ಸೆಲ್ಫ್ ಇನ್‌ವಾಯ್ಸ್ ಮಾಡುವ ರೂಢಿ ತುಂಬಾ ಕಡೆ ಇದೆ. ನಿಯಮದಲ್ಲಿ ಹಾಗೆ ಒಟ್ಟುಗೂಡಿಸುವ ಸೌಲಭ್ಯ ಸೆಕ್ಷನ್ 9(4)ರ ವ್ಯವಹಾರಕ್ಕೆ ಮಾತ್ರ ಕೊಟ್ಟಿದ್ದಾರೆ. ಲಾರಿ ಬಾಡಿಗೆ 9(3)ರದ್ದು. ಹಾಗಾಗಿ ಒಂದೊಂದಕ್ಕೂ ಬೇರೆ ಬೇರೆ ಮಾಡುವುದೇ ಸರಿ.

ರಿಟರ್ನ್‌ನಲ್ಲಿ ಎಲ್ಲಿ ತುಂಬಬೇಕು

ಅಡ್ವಾನ್ಸ್ ಹೋದದ್ದು ಜನವರಿಯಲ್ಲಿ. ಆದ್ದರಿಂದ ಜನವರಿಯ GSTR-3B, ಅಂದರೆ ಫೆಬ್ರವರಿ 20ರೊಳಗೆ ಹಾಕುವ ರಿಟರ್ನ್‌ನಲ್ಲಿ ಟೇಬಲ್ 3.1(d)ಗೆ ಮೊತ್ತ ₹8,000, ಸಿಜಿಎಸ್‌ಟಿ ₹200, ಎಸ್‌ಜಿಎಸ್‌ಟಿ ₹200 ಬರುತ್ತದೆ. ಬಾಕಿಯದ್ದು ಫೆಬ್ರವರಿ ರಿಟರ್ನ್‌ನಲ್ಲಿ: ಅದೇ ಜಾಗದಲ್ಲಿ ₹16,000, ತೆರಿಗೆ ₹400 ಮತ್ತು ₹400.

ಈ ತೆರಿಗೆಯನ್ನು ನಗದಾಗಿಯೇ ಕಟ್ಟಬೇಕು. ಕ್ರೆಡಿಟ್ ಲೆಡ್ಜರ್‌ನಲ್ಲಿ ಲಕ್ಷಗಟ್ಟಲೆ ಇದ್ದರೂ ಆರ್‌ಸಿಎಂಗೆ ಮುಟ್ಟಲು ಆಗುವುದಿಲ್ಲ. ಕಾನೂನಿನಲ್ಲಿ ಔಟ್‌ಪುಟ್ ತೆರಿಗೆ ಎಂಬ ಪದದಿಂದ ಆರ್‌ಸಿಎಂ ಅನ್ನು ಹೊರಗಿಟ್ಟಿದ್ದಾರೆ, ಕ್ರೆಡಿಟ್ ಬಳಸಲು ಬಿಡುವುದು ಔಟ್‌ಪುಟ್ ತೆರಿಗೆಗೆ ಮಾತ್ರ. ಹಾಗಾಗಿ ರಿಟರ್ನ್ ಹಾಕುವ ಮುಂಚೆ ಚಲನ್ ಮಾಡಿ ಕ್ಯಾಶ್ ಲೆಡ್ಜರ್‌ಗೆ ಹಣ ತುಂಬಿಸಿ. ಪೇಮೆಂಟ್ ಪುಟದ ಟೇಬಲ್ 6.1ರಲ್ಲಿ ರಿವರ್ಸ್ ಚಾರ್ಜ್‌ಗೆ ಬೇರೆ ಭಾಗವೇ ಇದೆ.

ಈಗ ವಾಪಸ್ ಪಡೆಯುವುದು. ಕಟ್ಟಿದ ಆರ್‌ಸಿಎಂಗೆ ಇನ್‌ಪುಟ್ ಕ್ರೆಡಿಟ್ ಇದೆ, ನಿಮ್ಮ ಮಾರಾಟ ತೆರಿಗೆ ಇರುವ ಮಾಲಿನದ್ದಾಗಿದ್ದರೆ ಪೂರ್ತಿ ಸಿಗುತ್ತದೆ. ಹಾಕುವ ಜಾಗ ಟೇಬಲ್ 4(A)(3). ಆದರೆ ಕ್ರೆಡಿಟ್‌ಗೆ ಇನ್‌ವಾಯ್ಸ್ ಬೇಕು, ಸೇವೆ ಪಡೆದಿರಬೇಕು. ಜನವರಿ ಕೊನೆಗೆ ಲಾರಿ ಬಂದೇ ಇರಲಿಲ್ಲ, ಇನ್‌ವಾಯ್ಸೂ ಇರಲಿಲ್ಲ. ಹಾಗಾಗಿ ಜನವರಿಯಲ್ಲಿ ₹400 ಬರೀ ಕಟ್ಟುವುದು. ಫೆಬ್ರವರಿ ರಿಟರ್ನ್‌ನಲ್ಲಿ ಪೂರ್ತಿ ₹1,200, ಅಂದರೆ ಸಿಜಿಎಸ್‌ಟಿ ₹600, ಎಸ್‌ಜಿಎಸ್‌ಟಿ ₹600 ಕ್ರೆಡಿಟ್ ತಗೊಳ್ಳುವುದು. ಅದೇ ರಿಟರ್ನ್‌ನಲ್ಲಿ ಕಟ್ಟುವ ಆರ್‌ಸಿಎಂಗೆ ಅದೇ ರಿಟರ್ನ್‌ನಲ್ಲಿ ಕ್ರೆಡಿಟ್ ತಗೊಳ್ಳುವುದು ಎಲ್ಲರೂ ಮಾಡುವ ಕ್ರಮ.

ಈ ಕ್ರೆಡಿಟ್ GSTR-2Bಯಲ್ಲಿ ಕಾಣಿಸುವುದಿಲ್ಲ. ಟ್ರಾನ್ಸ್‌ಪೋರ್ಟರ್ ಯಾವ ರಿಟರ್ನನ್ನೂ ಹಾಕುವುದಿಲ್ಲ, ಕಾಣಿಸುವುದಾದರೂ ಹೇಗೆ? 2B ನೋಡಿಕೊಂಡೇ ರಿಟರ್ನ್ ತುಂಬುವವರು ಲಾರಿ ಬಾಡಿಗೆಯನ್ನು ಬಿಟ್ಟುಬಿಡುವುದು ಇದೇ ಕಾರಣಕ್ಕೆ. ಇದನ್ನು ಪುಸ್ತಕದಿಂದಲೇ ತೆಗೆಯಬೇಕು.

GSTR-1ರಲ್ಲಿ ಟೇಬಲ್ 13ಕ್ಕೆ ಸೆಲ್ಫ್ ಇನ್‌ವಾಯ್ಸ್ ಮತ್ತು ಪೇಮೆಂಟ್ ವೋಚರ್‌ಗಳ ನಂಬರು ಎಲ್ಲಿಂದ ಎಲ್ಲಿಗೆ ಅಂತ ಕೊಡಿ, ಅಷ್ಟೇ. ಟೇಬಲ್ 4Bಯಲ್ಲಿ ರಿವರ್ಸ್ ಚಾರ್ಜ್ ಎಂಬ ಪದ ನೋಡಿ ಅಲ್ಲಿ ತುಂಬಬೇಡಿ. ಅದು ನೀವು ಮಾರಿ, ಗಿರಾಕಿ ತೆರಿಗೆ ಕಟ್ಟುವ ವ್ಯವಹಾರದ ಜಾಗ. ಅಲ್ಲಿ ತುಂಬಿದರೆ ನಿಮ್ಮ ಖರ್ಚು ಮಾರಾಟವಾಗಿ ಕಾಣಿಸುತ್ತದೆ.

ರಿಟರ್ನ್ ಹಾಕಿದ ಮೇಲೆ ಪೋರ್ಟಲ್‌ನಲ್ಲಿ RCM Liability/ITC Statement ತೆರೆದು ನೋಡಿ. ನೀವು 3.1(d)ಯಲ್ಲಿ ಕಟ್ಟಿದ್ದು ಎಷ್ಟು, 4(A)ಯಲ್ಲಿ ಕ್ರೆಡಿಟ್ ತಗೊಂಡದ್ದು ಎಷ್ಟು ಅಂತ ತಿಂಗಳು ತಿಂಗಳು ಅಲ್ಲಿ ಬರುತ್ತದೆ. ನಮ್ಮ ವರ್ಕ್‌ಶಾಪ್‌ಗೆ ಜನವರಿಯಲ್ಲಿ ₹400 ಉಳಿದಿರಬೇಕು, ಫೆಬ್ರವರಿಯಲ್ಲಿ ಸೊನ್ನೆ. ಕಟ್ಟಿದ್ದಕ್ಕಿಂತ ತಗೊಂಡದ್ದು ಜಾಸ್ತಿ ಅಂತ ತೋರಿಸಿದರೆ ಎಲ್ಲೋ ತಪ್ಪಾಗಿದೆ.

ಹಳೇ ಎಲ್‌ಆರ್ ಸಿಕ್ಕರೆ

ನಾನು ಲೆಕ್ಕ ಬರೆಯುತ್ತಿದ್ದ ಒಂದು ಕಡೆ ಡ್ರೈವರ್‌ಗಳಿಗೆ ಕೊಟ್ಟ ಬಾಡಿಗೆಯನ್ನು ಗೋಡೌನಿನವರು ತಮ್ಮ ಸಣ್ಣ ಖರ್ಚಿನ ಪುಸ್ತಕದಲ್ಲಿ ಬರೆಯುತ್ತಿದ್ದರು. ತಿಂಗಳ ಕೊನೆಗೆ ನನಗೆ ಬರುತ್ತಿದ್ದುದು 'ಗೋಡೌನ್ ಖರ್ಚು' ಎಂಬ ಒಂದೇ ಮೊತ್ತ. ನಾನೂ ಒಳಗೆ ಏನಿದೆ ಅಂತ ಬಿಡಿಸಿ ನೋಡಲಿಲ್ಲ. ನವೆಂಬರ್ ಕೊನೆಗೆ ಒಂದು ಬಾಕ್ಸ್ ಫೈಲ್ ತೆಗೆದಾಗ ಜೂನ್ ತಿಂಗಳ ಎಲ್‌ಆರ್‌ಗಳ ಕಟ್ಟು ಸಿಕ್ಕಿತು. ಒಟ್ಟು ಬಾಡಿಗೆ ₹4,00,000. ಆರ್‌ಸಿಎಂ ₹20,000, ಒಂದು ರೂಪಾಯಿಯೂ ಕಟ್ಟಿರಲಿಲ್ಲ.

ಜೂನ್‌ನ ತೆರಿಗೆ ಜುಲೈ 20ರೊಳಗೆ ಹೋಗಬೇಕಿತ್ತು. ಸೆಲ್ಫ್ ಇನ್‌ವಾಯ್ಸ್‌ಗಳನ್ನು ನವೆಂಬರ್ ಕೊನೆಯ ತಾರೀಖಿಗೆ ಮಾಡಿದೆವು, ಹಿಂದಿನ ತಾರೀಖು ಹಾಕಲಿಲ್ಲ. ನವೆಂಬರ್ ರಿಟರ್ನನ್ನು ಡಿಸೆಂಬರ್ 13ಕ್ಕೆ ಹಾಕುವಾಗ 3.1(d)ಗೆ ಈ ಮೊತ್ತ ಸೇರಿಸಿದೆವು. ತಡವಾದದ್ದು 146 ದಿನ. ಬಡ್ಡಿ ವರ್ಷಕ್ಕೆ 18%.

```
20000 × 18/100 × 146/365 = 1440
```

ಬಡ್ಡಿ ಲೆಕ್ಕ ನಡೆಯುವುದು ಹಣ ಕೊಟ್ಟ ತಿಂಗಳಿನಿಂದ. ಇನ್‌ವಾಯ್ಸ್ ತಡವಾಗಿ ಮಾಡಿದ್ದರಿಂದ ಅದು ಕಡಿಮೆ ಆಗುವುದಿಲ್ಲ. ಅದನ್ನು ಟೇಬಲ್ 5.1ರಲ್ಲಿ ನಾವೇ ತುಂಬಿ ಕಟ್ಟಿದೆವು. ₹20,000 ಅದೇ ರಿಟರ್ನ್‌ನಲ್ಲಿ ಕ್ರೆಡಿಟ್ ಆಗಿ ವಾಪಸ್ ಬಂತು. ₹1,440 ಬರಲಿಲ್ಲ, ಬಡ್ಡಿಗೆ ಕ್ರೆಡಿಟ್ ಇಲ್ಲ. ಇನ್‌ವಾಯ್ಸ್ ಸಮಯಕ್ಕೆ ಮಾಡದ್ದಕ್ಕೆ ದಂಡ ಹಾಕುವ ಅಧಿಕಾರವೂ ಕಾಯ್ದೆಯಲ್ಲಿದೆ.

ವರ್ಷ ದಾಟಿ ಹೋದ ಎಲ್‌ಆರ್ ಸಿಕ್ಕರೂ ಕ್ರೆಡಿಟ್ ಹೋಯಿತು ಅಂತ ಗಾಬರಿಯಾಗಬೇಡಿ. 2024ರ ಜೂನ್ 26ರ ಸರ್ಕ್ಯುಲರ್ 211ರಲ್ಲಿ ಇದನ್ನು ಬಿಡಿಸಿ ಹೇಳಿದ್ದಾರೆ: ನೋಂದಣಿ ಇಲ್ಲದವರಿಂದ ಪಡೆದ ಸೇವೆಗೆ, ನೀವು ಸೆಲ್ಫ್ ಇನ್‌ವಾಯ್ಸ್ ಮಾಡಿದ ಆರ್ಥಿಕ ವರ್ಷವೇ ಕ್ರೆಡಿಟ್‌ನ ಗಡುವಿಗೆ ಲೆಕ್ಕ. ಆ ವರ್ಷ ಮುಗಿದ ನಂತರದ ನವೆಂಬರ್ 30ರವರೆಗೆ ತಗೊಳ್ಳಬಹುದು. ತೆರಿಗೆ ಮತ್ತು ಬಡ್ಡಿ ಕಟ್ಟಿರಬೇಕು, ಅಷ್ಟೇ.

ಆ ಜೂನ್ ಕಟ್ಟಿನ ನಂತರ ಅಲ್ಲಿ ಒಂದು ಬದಲಾವಣೆ ಮಾಡಿದೆವು. ಗೋಡೌನಿನಲ್ಲಿ ಲಾರಿ ಬಾಡಿಗೆಗೆ ಬೇರೆಯೇ ವೋಚರ್ ಪುಸ್ತಕ ಇಟ್ಟೆವು. ಅದರಲ್ಲಿ ಎಲ್‌ಆರ್ ನಂಬರು, ಟು ಪೇಯೋ ಪೇಯ್ಡೋ, ಟ್ರಾನ್ಸ್‌ಪೋರ್ಟರ್ ಯಾವ ರಾಜ್ಯದವರು, ಹಣ ಕೊಟ್ಟ ತಾರೀಖು, ಇಷ್ಟು ಬರೆಯಲು ಜಾಗ. ಅಕೌಂಟ್ಸ್‌ನಲ್ಲಿ 'ಲಾರಿ ಬಾಡಿಗೆ, ಆರ್‌ಸಿಎಂ' ಅಂತ ಒಂದು ಲೆಡ್ಜರ್, 'ಲಾರಿ ಬಾಡಿಗೆ, ಎಲ್‌ಆರ್ ಇಲ್ಲ' ಅಂತ ಇನ್ನೊಂದು. ತಿಂಗಳ ಕೊನೆಗೆ ಮೊದಲ ಲೆಡ್ಜರಿನ ಮೊತ್ತದ 5% ತೆಗೆದು 3.1(d) ಜೊತೆ ಹೋಲಿಸುತ್ತೇನೆ. ವ್ಯತ್ಯಾಸ ಬಂದರೆ ಆ ತಿಂಗಳ ಬಾಕಿ ಬಾಡಿಗೆ ಅಥವಾ ಅಡ್ವಾನ್ಸ್ ಯಾವುದು ಅಂತ ಅಲ್ಲೇ ಸಿಕ್ಕಿಬಿಡುತ್ತದೆ.